ಇಳಿಯಲು ಗೂಡಲೂರು, ಹತ್ತಲು ಕಲ್ಲಟ್ಟಿ

ಆ ಪಾಠಯೋಜನೆಯ ಹಾಳೆ ಇನ್ನೂ ನನ್ನ ಹತ್ತಿರ ಇದೆ. ನಾಲ್ಕು ಅಂಕಣ: ಸಮಯ, ನಾನು ಮಾಡುವುದು, ವಿದ್ಯಾರ್ಥಿಗಳು ಮಾಡುವುದು, ಕೊನೆಗೆ ಪರದೆಯ ಮೇಲೆ ಕಾಣಬೇಕಾದದ್ದು. ಕೆಳಗೆ, ಸಾಮಾನ್ಯವಾಗಿ ಯಾರೂ ಏನೂ ಬರೆಯದ ಒಂದು ಸಣ್ಣ ಚೌಕ, ವೀಕ್ಷಕರ ಅಭಿಪ್ರಾಯಕ್ಕೆ. ನಿಯಮದಂತೆ ಯೋಜನೆಯನ್ನು ಇಂಗ್ಲಿಷಿನಲ್ಲಿ ಕೊಡಬೇಕಿತ್ತು, ಕೊಟ್ಟೆ. ಆದರೆ ಅದೇ ಹಾಳೆಯ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಕನ್ನಡದಲ್ಲಿ ಗೀಚಿಕೊಂಡಿದ್ದೇನೆ. ಯೋಚನೆ ಮಾಡುವುದಕ್ಕೆ ನನಗೆ ಗೂಡಲೂರಿನ ನಮ್ಮ ಮನೆಯ ಮಾತೇ ಬೇಕು. ಮೈಸೂರು ಕಡೆಯಿಂದ ಶುಂಠಿ ವ್ಯಾಪಾರಕ್ಕೆ ಬಂದ ತಾತ ಬಿಟ್ಟುಹೋದ ಮಾತು ಅದು, ಜೊತೆಗೆ ಅವರ ಕೋಪವನ್ನೂ ನನಗೆ ಬಿಟ್ಟುಹೋಗಿದ್ದಾರೆ.

ನಾನು ಊಟಿಯ ಒಂದು ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ವಿಭಾಗದ ಉಪನ್ಯಾಸಕಿ. ನೆಟ್‌ವರ್ಕ್ ಪ್ರಾಯೋಗಿಕ ತರಗತಿ ನನ್ನ ಪಾಲಿಗೆ ಬಂದಿತ್ತು. ಎರಡು ಗಂಟೆ, ಹದಿನಾರು ಜನ, ಎಂಟು ಕಂಪ್ಯೂಟರು, ಒಂದೊಂದಕ್ಕೆ ಇಬ್ಬರು. ನಿಜವಾದ ರೂಟರ್ ನಮ್ಮಲ್ಲಿ ಎರಡೇ ಇದ್ದವು, ಎರಡೂ ಬೀರುವಿನಲ್ಲಿ ಬೀಗದೊಳಗೆ. ಆದ್ದರಿಂದ ಸಿಮ್ಯುಲೇಟರ್. ಪರದೆಯ ಮೇಲೆ ರೂಟರಿನ ಚಿತ್ರವನ್ನು ಎಳೆದು ತಂದು ಇಡಬೇಕು, ಚಿತ್ರದಿಂದ ಚಿತ್ರಕ್ಕೆ ತಂತಿ ಎಳೆಯಬೇಕು, ಆಮೇಲೆ ನಿಜವಾದ ರೂಟರಿಗೆ ಹೇಳುವ ಆಜ್ಞೆಗಳನ್ನೇ ಅದಕ್ಕೂ ಟೈಪ್ ಮಾಡಿ ಹೇಳಬೇಕು. ರೂಟರ್ ಅಂದರೆ ಕವಲುದಾರಿಯಲ್ಲಿ ನಿಂತ ಮನುಷ್ಯ ಅಂದುಕೊಳ್ಳಿ. ಬಂದ ಮಾಹಿತಿಯ ಪೊಟ್ಟಣದ ಮೇಲಿನ ವಿಳಾಸ ನೋಡಿ, ಮುಂದಿನ ಕವಲಿಗೆ ದಾಟಿಸುತ್ತಾನೆ. ಅಷ್ಟೇ ಅವನ ಕೆಲಸ.

ಹಿಂದಿನ ವರ್ಷ ಇದೇ ತರಗತಿ ನೆಲಕಚ್ಚಿತ್ತು. ನಲವತ್ತು ನಿಮಿಷ ನಾನೇ ಮಾತಾಡಿದೆ. ಉಳಿದ ಹೊತ್ತಿನಲ್ಲಿ ಅವರು ತಪ್ಪು ಟೈಪ್ ಮಾಡಿದರು, ನಾನು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಓಡಾಡಿ ಸಿಡುಕಿದೆ. ಗಂಟೆ ಹೊಡೆದಾಗ ಎಂಟರಲ್ಲಿ ಒಂದೇ ಒಂದು ಜಾಲ ಕೆಲಸ ಮಾಡುತ್ತಿತ್ತು, ಅದೂ ನಾನು ಕೂತು ಮಾಡಿಕೊಟ್ಟದ್ದು.

ವಿಭಾಗದ ಮುಖ್ಯಸ್ಥೆಗೆ ಅದು ಗೊತ್ತಾಗದೆ ಇರುತ್ತದೆಯೇ? ಕೋತಗಿರಿ ಕಡೆಯ ಹಟ್ಟಿಯ ಬಡಗರ ಮನೆಯ ಹೆಂಗಸು, ಮಾತು ಕಡಿಮೆ, ಸ್ವೆಟರಿನ ತೋಳನ್ನು ಮಣಿಗಂಟಿನವರೆಗೂ ಎಳೆದುಕೊಂಡು ಬೋರ್ಡಿನ ಮೇಲೆ ಮುತ್ತಿನಂತೆ ಬರೆಯುವವರು. ಈ ವಿಷಯವನ್ನು ಈ ಬೆಟ್ಟದಲ್ಲಿ ಅವರಷ್ಟು ವರ್ಷ ಕಲಿಸಿದವರು ಇರಲಿಕ್ಕಿಲ್ಲ. ಅವರು ತಮ್ಮ ಬಡಗ ಭಾಷೆ ಆಡುತ್ತಿದ್ದರು, ನಾನು ಕನ್ನಡ. ಇಬ್ಬರೂ ಅರ್ಧರ್ಧ ದಾರಿ ಬಂದು ಮಾತಾಡಿಕೊಳ್ಳುತ್ತಿದ್ದೆವು. ಆ ವರ್ಷದ ಹಾಳೆಯನ್ನು ತೆಗೆದುಕೊಂಡು ಹೋದಾಗ ಅವರು ನೇರವಾಗಿ ಷರತ್ತು ಹಾಕಿದರು. ತರಗತಿಗೆ ತಾವೇ ಬಂದು ಕೂರುತ್ತಾರೆ. ಎರಡು ಗಂಟೆಯೊಳಗೆ ಎಂಟೂ ಕಂಪ್ಯೂಟರಿನಲ್ಲಿ ಜಾಲ ಮಾತಾಡಬೇಕು, ಹದಿನಾರೂ ರೆಕಾರ್ಡ್ ಪುಸ್ತಕ ಬರೆದು ಮುಗಿದಿರಬೇಕು. ಇಲ್ಲದಿದ್ದರೆ ಮುಂದಿನ ವರ್ಷದಿಂದ ನಾನು ದೊಡ್ಡ ಪರದೆಯ ಮೇಲೆ ಮಾಡಿ ತೋರಿಸುವುದು, ವಿದ್ಯಾರ್ಥಿಗಳು ನೋಡಿ ಬರೆದುಕೊಳ್ಳುವುದು.

ನಾನು ಓದಿದ್ದೇ ಹಾಗೆ. ಮೇಷ್ಟರು ತೋರಿಸಿದರು, ನಾವು ಬರೆದುಕೊಂಡೆವು, ರೂಟರಿನ ಚಿತ್ರಕ್ಕೆ ನೀಲಿ ಬಣ್ಣ ತುಂಬಿದೆವು, ನೂರಕ್ಕೆ ತೊಂಬತ್ತು ಬಂತು. ಮೊದಲ ಕೆಲಸದಲ್ಲಿ ನಿಜವಾದ ಪೆಟ್ಟಿಗೆಯೊಂದನ್ನು ಮುಂದಿಟ್ಟಾಗ ತಂತಿಯನ್ನು ಯಾವ ತೂತಿಗೆ ಸಿಕ್ಕಿಸಬೇಕೆಂದು ತಿಳಿಯದೆ ನಿಂತಿದ್ದೆ. ಪಕ್ಕದಲ್ಲಿದ್ದವನು ನಕ್ಕ. ಆ ನಗು ಈ ಹದಿನಾರು ಜನರ ಪಾಲಿಗೆ ಬರಬಾರದು ಎನ್ನುವುದೊಂದೇ ನನಗಿದ್ದ ಹಟ.

ಹಾಗಾಗಿ ಆ ಹಾಳೆಯನ್ನು ನಾನು ಹನ್ನೊಂದು ಸಲ ತಿದ್ದಿದೆ. ನನ್ನ ಭಾಷಣವನ್ನು ಹತ್ತು ನಿಮಿಷಕ್ಕೆ ಇಳಿಸಿದೆ. ಹತ್ತೂ ಹತ್ತರಿಂದ ಹತ್ತೂವರೆಯವರೆಗೆ ಯಾರೂ ಕೀಬೋರ್ಡ್ ಮುಟ್ಟುವಂತಿಲ್ಲ, ಬರೀ ಕಾಗದ. ಮೂರು ರೂಟರಿನ ತ್ರಿಕೋನ, ಒಂದೊಂದು ರೂಟರಿಗೂ ಒಂದು ಊರಿನ ಹೆಸರು, ಊರಿಗೊಂದು ಕಂಪ್ಯೂಟರು, ಅದನ್ನು ರೂಟರಿಗೆ ಕೂಡಿಸುವ ಸ್ವಿಚ್ಚು ಎಂಬ ಒಂದು ಪೆಟ್ಟಿಗೆ. ಎಲ್ಲ ಸೇರಿ ಹನ್ನೆರಡು ವಿಳಾಸ. ಅವನ್ನು ಕಾಗದದ ಮೇಲೆ ಬರೆದು ನನ್ನ ಸಹಿ ಹಾಕಿಸಿಕೊಂಡವರಿಗೆ ಮಾತ್ರ ಮೌಸು. ಆಮೇಲೆ ಇಪ್ಪತ್ತು ನಿಮಿಷ ಚಿತ್ರ ಇಟ್ಟು ತಂತಿ ಎಳೆಯಲು, ಇಪ್ಪತ್ತು ವಿಳಾಸ ತುಂಬಲು, ಇಪ್ಪತ್ತು ದಾರಿ ಹೇಳಿಕೊಡಲು. ಹನ್ನೊಂದೂವರೆಗೆ ಒಂದು ತಂತಿ ಕಡಿದು ಏನಾಗುತ್ತದೆಂದು ನೋಡುವುದು. ಹನ್ನೊಂದೂ ನಲವತ್ತಕ್ಕೆ ರೆಕಾರ್ಡ್. ಹಿಂದೆ ಬಿದ್ದವರಿಗೆಂದು ಅರ್ಧ ಕೆಲಸ ಮುಗಿದ ಒಂದು ಫೈಲನ್ನೂ ಮಾಡಿಟ್ಟುಕೊಂಡೆ. ತಡವಾದವರು ಅದನ್ನು ತೆರೆದು ಅಲ್ಲಿಂದ ಮುಂದುವರಿಯಬಹುದು. ಒಂದೇ ಒಂದು ಸಣ್ಣ ಸ್ವಾತಂತ್ರ್ಯ ಕೊಟ್ಟಿದ್ದೆ: ಆ ಮೂರು ಊರುಗಳನ್ನು ಅವರೇ ಆರಿಸಿಕೊಳ್ಳಲಿ, ತಮಗೆ ದಾರಿ ಗೊತ್ತಿರುವ ಊರುಗಳು. ಹೆಸರು ತಮ್ಮದಾದರೆ ಗೊಂದಲ ಕಡಿಮೆ ಎಂದು ನನ್ನ ಲೆಕ್ಕಾಚಾರ.

ಆ ದಿನ ಬೆಳಗ್ಗೆ ಮಂಜು ಕಿಟಕಿಯವರೆಗೂ ಬಂದು ನಿಂತಿತ್ತು. ಲ್ಯಾಬಿನಲ್ಲಿ ಹುಡುಗಿಯರು ಬೆರಳು ಬೆಚ್ಚಗಾಗಲೆಂದು ಮಾನಿಟರಿನ ಹಿಂಭಾಗಕ್ಕೆ ಕೈ ಒತ್ತಿಕೊಂಡಿದ್ದರು. ಮುಖ್ಯಸ್ಥೆ ಹತ್ತಕ್ಕೆ ಐದು ನಿಮಿಷ ಇರುವಾಗಲೇ ಬಂದು ಕೊನೆಯ ಬೆಂಚಿನಲ್ಲಿ ಕೂತು, ನನ್ನ ಹಾಳೆಯನ್ನು ಮಡಿಲಲ್ಲಿ ಇಟ್ಟುಕೊಂಡು, ಅದರ ಪಕ್ಕದಲ್ಲಿ ತಮ್ಮ ಕೈಗಡಿಯಾರವನ್ನು ಬಿಚ್ಚಿಟ್ಟರು.

ಕಾಗದದ ಕೆಲಸ ಚೆನ್ನಾಗಿ ನಡೆಯಿತು. ಒಂದು ಜೋಡಿ ಅವಲಾಂಚ್, ಎಮರಾಲ್ಡ್, ಊಟಿ ಎಂದು ಬರೆದಿತ್ತು. ಇನ್ನೊಂದು ಜೋಡಿಯಲ್ಲಿ ಮಸಿನಗುಡಿಯ ಹುಡುಗಿಯೊಬ್ಬಳು, ಅವಳ ಪಕ್ಕ ಕೂಕಲ್ತೊರೈಯ ಟೀ ತೋಟದ ಮನೆಯ ಹುಡುಗಿ. ಅವರದು ಊಟಿ, ಗೂಡಲೂರು, ಮಸಿನಗುಡಿ. ಮಸಿನಗುಡಿಯವಳದು ಓದಿನಲ್ಲಿ ನಡುವಿನ ಸಾಲು, ಪ್ರಶ್ನೆ ಕೇಳಿದರೆ ಮೇಜು ನೋಡಿಕೊಂಡು ಉತ್ತರ ಹೇಳುವವಳು. ಅವಳ ವಿಳಾಸದ ಕಾಗದಕ್ಕೆ ಸಹಿ ಹಾಕುವಾಗ ಏನೂ ವಿಶೇಷ ಕಾಣಲಿಲ್ಲ.

ಹನ್ನೊಂದರ ಹೊತ್ತಿಗೆ ಬಣ್ಣಗಳು ಬದಲಾಗತೊಡಗಿದವು. ರೂಟರಿನ ಬಾಗಿಲುಗಳು ಹುಟ್ಟುವಾಗಲೇ ಮುಚ್ಚಿರುತ್ತವೆ. ನೋ ಶಟ್‌ಡೌನ್ ಎಂದು ಒಂದೊಂದಕ್ಕೂ ಹೇಳಿ ತೆರೆಸಬೇಕು. ತಂತಿಯ ತುದಿಯ ಕೆಂಪು ಚುಕ್ಕೆ ಹಸಿರಾಗುವುದು ಆಗ. ಸ್ವಿಚ್ಚಿನ ಕಡೆಯ ಚುಕ್ಕೆ ಮಾತ್ರ ಅರ್ಧ ನಿಮಿಷ ಕಿತ್ತಳೆಯಾಗಿಯೇ ಇದ್ದು, ಸುತ್ತಮುತ್ತ ಎಲ್ಲ ಸರಿಯಿದೆಯೇ ಎಂದು ನೋಡಿಕೊಂಡು, ಆಮೇಲೆ ಹಸಿರಾಗುತ್ತದೆ. ಹದಿನಾರು ಜನ ಮಾತು ನಿಲ್ಲಿಸಿ ಆ ಕಿತ್ತಳೆಯನ್ನೇ ನೋಡುತ್ತಿದ್ದರು. ಎಷ್ಟು ಸಲ ಕಂಡಿದ್ದರೂ ನಾನೂ ಆ ಅರ್ಧ ನಿಮಿಷ ಅದನ್ನೇ ನೋಡುತ್ತ ನಿಲ್ಲುತ್ತೇನೆ.

ಆಮೇಲೆ ದಾರಿ ಹೇಳಿಕೊಡುವ ಕೆಲಸ. ರೂಟರಿಗೆ ತನ್ನ ಬಾಗಿಲಿಗೆ ತಾಗಿದ ಬೀದಿ ಮಾತ್ರ ತಾನಾಗಿ ಗೊತ್ತು. ದೂರದ ಊರಿನ ವಿಷಯ ಅದಕ್ಕೆ ನಾವೇ ಹೇಳಬೇಕು: ಇಂಥ ಊರಿಗೆ ಹೋಗುವ ಪೊಟ್ಟಣ ಬಂದರೆ, ಪಕ್ಕದ ಇಂಥ ರೂಟರಿನ ಕೈಗೆ ಕೊಡು. ಒಂದೊಂದು ರೂಟರಿಗೆ ಎರಡೆರಡು ಸಾಲು. ಒಬ್ಬ ಹುಡುಗ ಪಕ್ಕದವರ ವಿಳಾಸದ ಬದಲು ರೂಟರಿಗೆ ಅದರದೇ ವಿಳಾಸ ಕೊಟ್ಟುಬಿಟ್ಟ. ಇದು ನಾನೇ ಅಲ್ಲವೇ ಎಂಬ ಅರ್ಥದ ಒಂದು ಸಾಲನ್ನು ರೂಟರ್ ಅವನ ಮುಖಕ್ಕೇ ಹೇಳಿತು. ಲ್ಯಾಬ್ ಪೂರ್ತಿ ನಕ್ಕಿತು, ಅವನೂ ನಕ್ಕ. ಹಿಂದಿನ ವರ್ಷವಾಗಿದ್ದರೆ ನಾನು ಬೈಯುತ್ತಿದ್ದೆ.

ಪಿಂಗ್‌ಗಳು ಶುರುವಾದವು. ಪಿಂಗ್ ಅಂದರೆ ಒಂದು ಕಂಪ್ಯೂಟರು ಇನ್ನೊಂದನ್ನು ಇದ್ದೀಯಾ ಎಂದು ಕೂಗಿ ಕರೆಯುವುದು. ನಾಲ್ಕು ಸಲ ಕರೆಯುತ್ತದೆ. ಮೊದಲ ಒಂದೆರಡು ಕೂಗಿಗೆ ಉತ್ತರ ಬರಲಿಲ್ಲವೆಂದು ಮಕ್ಕಳ ಮುಖ ಬಾಡುತ್ತದೆ. ಆ ಹೊತ್ತಿನಲ್ಲಿ ದಾರಿಯುದ್ದಕ್ಕೂ ಪ್ರತಿಯೊಬ್ಬರೂ ಪಕ್ಕದ ಬಾಗಿಲು ಯಾವುದೆಂದು ವಿಚಾರಿಸಿಕೊಳ್ಳುತ್ತಿರುತ್ತಾರೆ, ಅಷ್ಟರಲ್ಲಿ ಮೊದಲ ಕೂಗು ಕಳೆದುಹೋಗಿರುತ್ತದೆ. ಆಮೇಲೆ ಉತ್ತರ, ಮತ್ತೆ ಉತ್ತರ. ಇಬ್ಬರು ಹಿಂದೆ ಬಿದ್ದಿದ್ದರು, ಅವರಿಗೆ ಅರ್ಧದ ಫೈಲು ಕೊಟ್ಟೆ. ಹನ್ನೊಂದೂ ಇಪ್ಪತ್ತಕ್ಕೆ ಎಂಟೂ ಕಂಪ್ಯೂಟರಿನಲ್ಲಿ ಪಿಂಗ್ ಬಂದಿತ್ತು. ಯೋಜನೆಗಿಂತ ಹತ್ತು ನಿಮಿಷ ಮುಂದಿದ್ದೆ. ನಾನು ಮನಸ್ಸಿನಲ್ಲೇ ಗೆದ್ದೆ ಅಂದುಕೊಂಡು ಕೊನೆಯ ಬೆಂಚಿನ ಕಡೆ ನೋಡಿದೆ. ಅಲ್ಲಿ ಮುಖ್ಯಸ್ಥೆ ಇರಲಿಲ್ಲ.

ಅವರು ಹಾಳೆ ಹಿಡಿದುಕೊಂಡು ಮಸಿನಗುಡಿಯ ಹುಡುಗಿಯ ಬೆನ್ನ ಹಿಂದೆ ನಿಂತಿದ್ದರು. ಪರದೆಯ ಮೇಲೆ ಊಟಿಯ ಕಂಪ್ಯೂಟರಿನಿಂದ ಮಸಿನಗುಡಿಯ ಕಂಪ್ಯೂಟರಿಗೆ ದಾರಿ ಹುಡುಕುವ ಆಜ್ಞೆ ಓಡಿತ್ತು. ನನ್ನ ಹಾಳೆಯ ನಾಲ್ಕನೇ ಅಂಕಣದಲ್ಲಿ ಸ್ಪಷ್ಟವಾಗಿ ಬರೆದಿದ್ದೆ, ಮೂರು ಸಾಲು ಕಾಣಬೇಕು: ಇಲ್ಲಿಯ ರೂಟರು, ಅಲ್ಲಿಯ ರೂಟರು, ಅಲ್ಲಿಯ ಕಂಪ್ಯೂಟರು. ಅವಳ ಪರದೆಯಲ್ಲಿ ನಾಲ್ಕು ಸಾಲು ಇತ್ತು. ಊಟಿಯಿಂದ ಮಸಿನಗುಡಿಗೆ ನೇರ ತಂತಿ ಇದ್ದರೂ ಪೊಟ್ಟಣ ಗೂಡಲೂರಿಗೆ ಹೋಗಿ ಸುತ್ತಿಕೊಂಡು ಬಂದಿತ್ತು. ಮುಖ್ಯಸ್ಥೆ ಬೆರಳಿನಿಂದ ನನ್ನ ಹಾಳೆಯ ಮೂರನ್ನು, ಆಮೇಲೆ ಪರದೆಯ ನಾಲ್ಕನ್ನು ತೋರಿಸಿದರು.

ಎಂಟರಲ್ಲಿ ಒಂದು ತಪ್ಪಾಗಿತ್ತು, ಅದೂ ಅವರ ಕಣ್ಣೆದುರಿಗೇ. ಊಟಿಯ ರೂಟರಿನಲ್ಲಿ ಆ ಒಂದು ಸಾಲು ಅಳಿಸಿ ನೇರ ದಾರಿ ಟೈಪ್ ಮಾಡು, ಎರಡೇ ನಿಮಿಷದ ಕೆಲಸ ಎಂದು ಹುಡುಗಿಗೆ ಹೇಳಿದೆ. ದನಿಯಲ್ಲಿ ಹಳೆಯ ಸಿಡುಕು ಇತ್ತು. ಅವಳು ಕೀಬೋರ್ಡಿನ ಮೇಲಿನ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

"ಪಿಂಗ್ ಬತ್ತಾ ಅದಲ್ಲ ಮಿಸ್," ಅಂದಳು, ಎಂದಿನಂತೆ ಮೇಜು ನೋಡಿಕೊಂಡೇ. "ಇನ್ನ ತಪ್ಪು ಎಲ್ಲದೆ?"

ಮತ್ತೆ ಪರದೆ ನೋಡಿದೆ. ಪಿಂಗ್ ಬರುತ್ತಿತ್ತು, ನಿಜ. ಹೀಗೇಕೆ ಸುತ್ತು ಹಾಕಿಸಿದೆ ಎಂದು ಕೇಳಿದೆ. ಅವಳಿಗೆ ನನ್ನ ಪ್ರಶ್ನೆಯೇ ವಿಚಿತ್ರ ಎನ್ನಿಸಿದ ಹಾಗಿತ್ತು.

"ಕಲ್ಲಟ್ಟಿಲಿ ಹೊರಗಿನ ಗಾಡಿ ಹತ್ತಬೋದು, ಇಳಿಯಂಗಿಲ್ಲ ಮಿಸ್. ನೀವೇ ಹೇಳಿದ್ರಲ್ಲ, ನಿಮ್ಗೊತ್ತಿರೋ ದಾರಿ ನೆನುಸ್ಕಳಿ ಅಂತ."

ಊಟಿಯಿಂದ ಮಸಿನಗುಡಿಗೆ ಕಲ್ಲಟ್ಟಿ ಘಾಟಿ ಹತ್ತಿರದ ದಾರಿ, ಆದರೆ ಕಡಿದಾದ ಮೂವತ್ತಾರು ತಿರುವು. ಬ್ರೇಕು ಸುಟ್ಟು ಎಷ್ಟೋ ಗಾಡಿ ಉರುಳಿದ್ದರಿಂದ ಹೊರಗಿನವರ ಗಾಡಿಗಳನ್ನು ಮೇಲಿನ ಚೆಕ್‌ಪೋಸ್ಟಿನಲ್ಲೇ ತಡೆದು ಗೂಡಲೂರಿನ ಮೇಲೆ ಕಳಿಸುತ್ತಾರೆ. ಮಸಿನಗುಡಿಯಿಂದ ಹತ್ತಿ ಬರುವುದಕ್ಕೆ ಮಾತ್ರ ಅಡ್ಡಿಯಿಲ್ಲ. ಹುಡುಗಿಯ ಅಪ್ಪ ಅಲ್ಲೊಂದು ಲಾಡ್ಜಿನಲ್ಲಿ ಕೆಲಸಕ್ಕಿದ್ದರು. ಬರುವ ಅತಿಥಿಗಳ ಫೋನನ್ನು ಅವರಿಲ್ಲದಾಗ ಇವಳು ಎತ್ತುತ್ತಿದ್ದಳು. ಬರುವಾಗ ಗೂಡಲೂರಿನ ಮೇಲೆ ಬನ್ನಿ ಸಾರ್, ತೆಪ್ಪಕಾಡಿನಲ್ಲಿ ಬಲಕ್ಕೆ ತಿರುಗಿ, ವಾಪಸ್ ಹೋಗುವಾಗ ಬೇಕಾದರೆ ಕಲ್ಲಟ್ಟಿ ಹತ್ತಿ ಎಂದು ಸಾವಿರ ಸಲ ಹೇಳಿರಬೇಕು. ಅದನ್ನೇ ರೂಟರುಗಳಿಗೂ ಹೇಳಿದ್ದಳು. ಊಟಿಗೆ, ಮಸಿನಗುಡಿಯ ಪೊಟ್ಟಣವನ್ನು ಗೂಡಲೂರಿನ ಕೈಗೆ ಕೊಡು ಎಂದು. ಮಸಿನಗುಡಿಗೆ, ಊಟಿಯ ಪೊಟ್ಟಣವನ್ನು ನೇರ ಊಟಿಯ ಕೈಗೇ ಕೊಡು ಎಂದು.

ಹೋಗುವ ದಾರಿಯೇ ಬರುವ ದಾರಿಯಾಗಿರಬೇಕು ಎಂದು ನಾನು ಯಾವತ್ತೂ ಹೇಳಿಕೊಟ್ಟಿರಲಿಲ್ಲ, ಆದರೆ ಹಾಗೆಯೇ ನಂಬಿದ್ದೆ. ನನ್ನ ಹಾಳೆಯ ನಾಲ್ಕನೇ ಅಂಕಣ ಪೂರ್ತಿ ಆ ನಂಬಿಕೆಯ ಮೇಲೆ ನಿಂತಿತ್ತು. ಬಯಲುಸೀಮೆಯ ಮಕ್ಕಳಾಗಿದ್ದರೆ ಈ ತಪ್ಪನ್ನು ಮಾಡುತ್ತಲೇ ಇರಲಿಲ್ಲ, ನನಗೂ ಇದು ಕಾಣುತ್ತಿರಲಿಲ್ಲ. ನಾನು ಗೂಡಲೂರಿನವಳು, ಅದೇ ಚೆಕ್‌ಪೋಸ್ಟನ್ನು ನೂರು ಸಲ ದಾಟಿದವಳು. ನಾಚಿಕೆಯಾಯಿತು.

ಗಡಿಯಾರ ಹನ್ನೊಂದೂ ಇಪ್ಪತ್ತೆಂಟು ತೋರಿಸುತ್ತಿತ್ತು. ಅಳಿಸು ಎಂದರೆ ಎಂಟಕ್ಕೆ ಎಂಟು ಸರಿ, ಷರತ್ತು ಗೆದ್ದ ಹಾಗೆ. ನಾನು ಹುಡುಗಿಯ ಕೈ ನೋಡಿದೆ. ಅವು ಮಡಿಲಲ್ಲೇ ಇದ್ದವು. ಹಾಗೇ ಇರಲಿ, ಅಳಿಸಬೇಡ ಎಂದೆ. ಎಲ್ಲರೂ ಕುರ್ಚಿ ಬಿಟ್ಟು ಇಲ್ಲಿ ಬನ್ನಿ ಎಂದು ಕರೆದೆ.

ಸಿಮ್ಯುಲೇಟರಿನಲ್ಲಿ ಕಾಲವನ್ನು ನಿಧಾನ ಮಾಡುವ ಒಂದು ಗುಂಡಿ ಇದೆ. ಅದನ್ನು ಒತ್ತಿದರೆ ಪೊಟ್ಟಣ ಒಂದು ಸಣ್ಣ ಲಕೋಟೆಯಾಗಿ ಕಾಣುತ್ತದೆ, ಒಂದೊಂದು ಒತ್ತಿಗೆ ಒಂದೊಂದು ಹೆಜ್ಜೆ. ನನ್ನ ಯೋಜನೆಯಲ್ಲಿ ಅದಕ್ಕೆ ಸಮಯವಿಲ್ಲವೆಂದು ಕೈಬಿಟ್ಟಿದ್ದೆ. ಹುಡುಗಿ ಒತ್ತಿದಳು. ಲಕೋಟೆ ಊಟಿಯ ಕಂಪ್ಯೂಟರಿನಿಂದ ಸ್ವಿಚ್ಚಿಗೆ, ಅಲ್ಲಿಂದ ರೂಟರಿಗೆ ಬಂತು. ಅಲ್ಲಿ ನಿಂತಿತು. ಮತ್ತೊಮ್ಮೆ ಒತ್ತಿದಾಗ ಗೂಡಲೂರಿನ ಕಡೆ ಹೊರಟಿತು. ಗೂಡಲೂರು, ಮಸಿನಗುಡಿ, ಅಲ್ಲಿಯ ಸ್ವಿಚ್ಚು, ಕೊನೆಗೆ ಕಂಪ್ಯೂಟರು. ಆಮೇಲೆ ಉತ್ತರದ ಲಕೋಟೆ ಹೊರಟು ಮಸಿನಗುಡಿಯ ರೂಟರಿಗೆ ಬಂದು, ಗೂಡಲೂರಿನ ಕಡೆ ತಿರುಗಿಯೂ ನೋಡದೆ, ನೇರವಾಗಿ ಊಟಿಗೆ ಹತ್ತಿಬಿಟ್ಟಿತು.

ಪುಸ್ತಕದಲ್ಲಿ ಎಷ್ಟು ವರ್ಷದಿಂದ ಓದಿದ್ದೆ, ಒಂದೊಂದು ರೂಟರಿಗೂ ಮುಂದಿನ ಹೆಜ್ಜೆ ಮಾತ್ರ ಗೊತ್ತಿರುತ್ತದೆ ಎಂದು. ಅದನ್ನು ಅಂದು ಮೊದಲ ಸಲ ಕಂಡೆ. ಊಟಿಗೆ ಮಸಿನಗುಡಿಯ ದಾರಿ ಗೊತ್ತಿಲ್ಲ, ಗೂಡಲೂರು ಗೊತ್ತು ಅಷ್ಟೇ. ಮಸಿನಗುಡಿಗೆ ಲಕೋಟೆ ಯಾವ ಕಡೆಯಿಂದ ಬಂತೆಂಬ ನೆನಪೂ ಇಲ್ಲ. ಪೂರ್ತಿ ದಾರಿಯನ್ನು ಬಲ್ಲವರು ಆ ಜಾಲದಲ್ಲಿ ಯಾರೂ ಇಲ್ಲ, ಆದರೂ ಲಕೋಟೆ ಹೋಗಿ ಉತ್ತರ ತಂದಿತ್ತು. ಇಡೀ ಪ್ರಪಂಚದ ಮಾತುಕತೆ ನಡೆಯುತ್ತಿರುವುದೂ ಹೀಗೆಯೇ. ಇನ್ನೊಂದು ಸಲ ತೋರಿಸು ಎಂದು ಕೂಕಲ್ತೊರೈಯ ಹುಡುಗಿ ಮೆಲ್ಲಗೆ ಅಂದಳು, ನಾವು ಇನ್ನೊಂದು ಸಲ ನೋಡಿದೆವು.

ಆಗ ಮುಖ್ಯಸ್ಥೆ ಹಾಳೆ ನೋಡಿ, ಈಗ ತಂತಿ ಕಡಿಯುವ ಹೊತ್ತಲ್ಲವೇ ಎಂದು ನೆನಪಿಸಿದರು. ಯಾವುದನ್ನು ಕಡಿಯಬೇಕೆಂದು ಹುಡುಗಿ ಕೇಳಿದಳು. ಅವರೇ ಹೇಳಿದರು, ಕಲ್ಲಟ್ಟಿ, ಮಣ್ಣು ಕುಸಿದಿದೆ ಅಂದುಕೋ ಎಂದು. ಉಳಿದ ಏಳು ಜೋಡಿಯ ಜಾಲಗಳಲ್ಲಿ ಏನಾಗುತ್ತಿತ್ತೆಂದು ನನಗೆ ಗೊತ್ತಿತ್ತು. ಹೊರಡುವ ಊರಿನ ರೂಟರೇ ದಾರಿಯಿಲ್ಲ ಎಂದು ತನ್ನ ಕಂಪ್ಯೂಟರಿಗೆ ಹೇಳಿಕಳಿಸುತ್ತಿತ್ತು. ನಾಲ್ಕನೇ ಅಂಕಣದಲ್ಲಿ ಅದೇ ಇತ್ತು. ಇಲ್ಲಿ ಅದಾಗಲಿಲ್ಲ. ಪಿಂಗಿಗೆ ಸುಮ್ಮನೆ ರಿಕ್ವೆಸ್ಟ್ ಟೈಮ್ಡ್ ಔಟ್ ಎಂದು ಬಂತು, ಕಾದೆ, ಉತ್ತರ ಬರಲಿಲ್ಲ ಎಂದು.

ಮುಖ್ಯಸ್ಥೆ ತಲೆಯಾಡಿಸಿ ಮಕ್ಕಳಿಗೆ ವಿವರಿಸತೊಡಗಿದರು. ಟೈಮ್ಡ್ ಔಟ್ ಅಂದರೆ ಲಕೋಟೆ ತಲುಪಲಿಲ್ಲ ಎಂದು ಅರ್ಥ, ಬರೆದುಕೊಳ್ಳಿ ಎಂದರು. ಅದನ್ನು ಅವರು ಬೋರ್ಡಿನ ಮೇಲೆ ಎಷ್ಟು ವರ್ಷ ಬರೆದಿದ್ದರೋ. ಅಷ್ಟರಲ್ಲಿ ಹುಡುಗಿ ನಿಧಾನದ ಗುಂಡಿ ಒತ್ತಿಬಿಟ್ಟಿದ್ದಳು.

ಲಕೋಟೆ ಊಟಿಯಿಂದ ಹೊರಟು ಗೂಡಲೂರಿಗೆ ಇಳಿಯಿತು. ಮಸಿನಗುಡಿಗೆ ಹೋಯಿತು. ಕಂಪ್ಯೂಟರನ್ನು ತಲುಪಿತು. ಉತ್ತರದ ಲಕೋಟೆ ಹೊರಟು ಮಸಿನಗುಡಿಯ ರೂಟರಿಗೆ ಬಂದು ನಿಂತಿತು, ಅದರ ಮೇಲೆ ಕೆಂಪು ಗೀಟು ಬಿತ್ತು. ಕಲ್ಲಟ್ಟಿಯ ಸಾಲು ರೂಟರಿನ ಪಟ್ಟಿಯಿಂದ ಹೋಗಿತ್ತು, ಬೇರೆ ದಾರಿ ಅದಕ್ಕೆ ಯಾರೂ ಹೇಳಿರಲಿಲ್ಲ. ದಾರಿಯಿಲ್ಲ ಎಂಬ ಸುದ್ದಿಯ ಪುಟ್ಟ ಲಕೋಟೆಯೊಂದು ಮಸಿನಗುಡಿಯ ಕಂಪ್ಯೂಟರಿಗೇ ವಾಪಸಾಯಿತು. ಊಟಿಗೆ ಏನೂ ಬರಲಿಲ್ಲ. ಊಟಿ ಕಾಯುತ್ತಲೇ ಇತ್ತು.

ಮುಖ್ಯಸ್ಥೆಯ ಕೈ ಗಾಳಿಯಲ್ಲೇ ನಿಂತಿತ್ತು. ಮಕ್ಕಳಲ್ಲಿ ಕೆಲವರು ಅವರು ಹೇಳಿದ್ದನ್ನು ಅಷ್ಟರಲ್ಲೇ ತಮ್ಮ ವಿಳಾಸದ ಕಾಗದದ ಮೇಲೆ ಬರೆದುಕೊಂಡಿದ್ದರು. ಅವರು ಅದನ್ನು ಹೊಡೆದುಹಾಕಲು ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, ಮಕ್ಕಳಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ ಹೇಳಿದರು:

"ಹಿಂದೊಂದ್ಸಲ ವೈವಾ ಪರೀಕ್ಷೇಲಿ ಒಬ್ಬ ಹುಡುಗ, 'ತಲುಪಿರಬೋದು ಮೇಡಂ, ಉತ್ತರ ಬರೋಕೆ ಆಗ್ಲಿಲ್ಲ ಏನೋ' ಅಂತ ಹೇಳಿದ್ದ. ನಾ ಮಾರ್ಕ್ ಕೊಡ್ಲಿಲ್ಲ."

ನಾನೂ ಹಾಗೇ ಕಲಿಸುತ್ತಿದ್ದೆ ಎಂದೆ, ಅದು ನಿಜವೂ ಆಗಿತ್ತು. ಅವರು ಹುಡುಗಿಯ ಪಕ್ಕದ ಕುರ್ಚಿಯನ್ನು ಎಳೆದುಕೊಂಡು ಕೂತರು. ಕೂಕಲ್ತೊರೈಯ ಹುಡುಗಿ ಗಾಬರಿಯಿಂದ ಎದ್ದು ನಿಂತಳು. ಮುಖ್ಯಸ್ಥೆ ಸ್ವೆಟರಿನ ತೋಳನ್ನು ಮೊಣಕೈಯವರೆಗೆ ಏರಿಸಿದರು. ಇಷ್ಟು ವರ್ಷದಲ್ಲಿ ನಾನು ಅವರ ಮುಂಗೈ ಕಂಡದ್ದು ಅಂದೇ. ಕೀಬೋರ್ಡನ್ನು ತಮ್ಮ ಕಡೆ ಎಳೆದುಕೊಂಡು, ಕಲ್ಲಟ್ಟಿ ಮುಚ್ಚಿದಾಗ ನಿಮ್ಮಪ್ಪ ಫೋನಿನಲ್ಲಿ ಏನು ಹೇಳುತ್ತಾರೆ ಎಂದು ಹುಡುಗಿಯನ್ನು ಕೇಳಿದರು. ಹೋಗುವಾಗಲೂ ಗೂಡಲೂರಿನ ಮೇಲೇ ಹೋಗಿ ಅಂತಾರೆ ಎಂದಳು ಹುಡುಗಿ.

ಅದನ್ನು ಮಸಿನಗುಡಿಯ ರೂಟರಿಗೆ ಹೇಳುವ ಬಗೆ ಇದೆ. ಅದೇ ಊರಿಗೆ ಎರಡನೆಯ ದಾರಿ ಬರೆದು ಅದರ ತುದಿಗೆ ದೊಡ್ಡ ಸಂಖ್ಯೆಯೊಂದನ್ನು ಇಟ್ಟರೆ, ಮೊದಲ ದಾರಿ ಇರುವವರೆಗೆ ರೂಟರ್ ಅದನ್ನು ಎತ್ತಿಕೊಳ್ಳುವುದಿಲ್ಲ, ಮೊದಲನೆಯದು ಹೋದರೆ ಮಾತ್ರ ಹೊರತೆಗೆಯುತ್ತದೆ. ಮುಖ್ಯಸ್ಥೆಗೆ ಅದು ಬಾಯಿಪಾಠ. ಆದರೆ ಬೆರಳಿಗೆ ಗೊತ್ತಿರಲಿಲ್ಲ. ಲ್ಯಾಬು ಬಂದಾಗಿನಿಂದ ಆ ಕೆಲಸ ನಮ್ಮಂಥ ಕಿರಿಯರದು, ಅವರದು ಬೋರ್ಡು. ಪರದೆಯ ಯಾವ ಕಿಟಕಿಯಲ್ಲಿ ಟೈಪ್ ಮಾಡಬೇಕೆಂದು ಹುಡುಗಿ ತೋರಿಸಿದಳು. ಅವರು ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಒಂದು ಚುಕ್ಕೆ ಬಿಟ್ಟುಹೋಯಿತು, ರೂಟರ್ ಒಪ್ಪಲಿಲ್ಲ. ಮತ್ತೆ ಒತ್ತಿದರು. ಹದಿನಾರು ಜನ ಅವರ ಬೆರಳನ್ನೇ ನೋಡುತ್ತಿದ್ದರು. ಒಬ್ಬರೂ ನಗಲಿಲ್ಲ.

ಸಾಲು ಒಪ್ಪಿಗೆಯಾಯಿತು. ಅವರೇ ಪಿಂಗ್ ಕೊಟ್ಟರು. ಮೊದಲನೆಯದಕ್ಕೆ ಉತ್ತರವಿಲ್ಲ. ಎರಡನೆಯದಕ್ಕೆ ಬಂತು. ಮೂರಕ್ಕೂ ಬಂತು. ಮುಖ್ಯಸ್ಥೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು.

ಹನ್ನೆರಡರ ಗಂಟೆ ಆವಾಗ ಹೊಡೆಯಿತು. ಹದಿನಾರೂ ರೆಕಾರ್ಡ್ ಪುಸ್ತಕ ಮೂಲೆಯ ಮೇಜಿನ ಮೇಲೆ ಜೋಡಿಸಿದ ಹಾಗೇ ಇದ್ದವು, ಒಂದರಲ್ಲೂ ಒಂದು ಗೀಟು ಬಿದ್ದಿರಲಿಲ್ಲ. ನಾನು ಸೋತಿದ್ದೆ, ಅದು ನನಗೆ ಆ ಕ್ಷಣದಲ್ಲೇ ಗೊತ್ತಾಯಿತು. ಕಡಿದ ತಂತಿ ಮತ್ತೆ ಹಾಕಿದರೆ ಉತ್ತರ ತಾನಾಗಿ ಕಲ್ಲಟ್ಟಿಗೆ ಮರಳುತ್ತದೆಯೇ ಎಂದು ಯಾರೋ ಕೇಳಿದರು. ಹಾಕಿ ನೋಡು ಎಂದರು ಮುಖ್ಯಸ್ಥೆ. ಚುಕ್ಕೆಗಳು ಹಸಿರಾದವು, ಉತ್ತರದ ಲಕೋಟೆ ಕಲ್ಲಟ್ಟಿಗೆ ಮರಳಿತು. ಯಾರೂ ಊಟಕ್ಕೆ ಏಳಲಿಲ್ಲ. ತಮ್ಮ ತಮ್ಮ ಕಂಪ್ಯೂಟರಿಗೆ ಹೋಗಿ ತಮ್ಮ ಊರುಗಳ ದಾರಿ ಕಡಿಯತೊಡಗಿದರು. ಅವಲಾಂಚಿನ ಜೋಡಿ ಮೂರೂ ತಂತಿ ಕಡಿದು ಕೂತಿತ್ತು.

ಹನ್ನೆರಡೂವರೆಯ ನಂತರ ಲ್ಯಾಬ್ ಖಾಲಿಯಾದಾಗ ಮುಖ್ಯಸ್ಥೆ ಹಾಳೆಯನ್ನು ನನ್ನ ಕೈಗೆ ಕೊಟ್ಟರು. ಕೈಗಡಿಯಾರವನ್ನು ಕೊನೆಯ ಬೆಂಚಿನ ಮೇಲೇ ಮರೆತು ಬಾಗಿಲವರೆಗೆ ಹೋಗಿದ್ದರು. ನಾನು ಎತ್ತಿಕೊಟ್ಟೆ. ಸ್ವೆಟರಿನ ತೋಳು ಇನ್ನೂ ಮೇಲೇ ಇತ್ತು.

ಅವರು ಹೋದ ಮೇಲೆ ಹಾಳೆಯ ಕೆಳಗಿನ ಚೌಕ ನೋಡಿದೆ. ಇಂಗ್ಲಿಷಿನಲ್ಲಿ, ಬೋರ್ಡಿನ ಮೇಲಿನ ಅದೇ ಮುತ್ತಿನಂಥ ಅಕ್ಷರದಲ್ಲಿ, ಮೂರು ವಾಕ್ಯ. ಯೋಜನೆಯಂತೆ ನಡೆಯಲಿಲ್ಲ. ಮುಂದಿನ ವರ್ಷವೂ ಮಕ್ಕಳೇ ಮಾಡಲಿ, ಮೂರು ಗಂಟೆ ಕೊಡಿ. ಒಂದು ಕುರ್ಚಿ ನನಗೂ ಇಡಿ.